ಕೂದಲಂಚಿನ ಮೊಡವೆ: ತಲೆಗೆ ಹಚ್ಚಿದ್ದು ಹಣೆಗಿಳಿದಾಗ

ಮೊಡವೆ ಎಂದರೆ ಹದಿಹರೆಯದವರ ಕೆನ್ನೆ, ಮೂಗು, ಗಲ್ಲದ ತೊಂದರೆ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಚರ್ಮವೈದ್ಯರ ಬಳಿಗೆ ಬರುವ ಕೆಲವರ ಕೆನ್ನೆಯಲ್ಲಿ ಒಂದು ಗುಳ್ಳೆಯೂ ಇರುವುದಿಲ್ಲ. ಅವರ ಗುಳ್ಳೆಗಳೆಲ್ಲ ಕೂದಲು ಶುರುವಾಗುವ ಗೆರೆಯ ಕೆಳಗೆ ಒಂದೆರಡು ಬೆರಳಗಲದಲ್ಲಿ, ಕಣತಲೆಯ ಎರಡೂ ಬದಿಯಲ್ಲಿ, ಕಿವಿಯ ಮುಂದೆ, ಕೆಲವರಿಗೆ ಹೆಕ್ಕತ್ತಿನ ಮೇಲೆ ಸಾಲುಗಟ್ಟಿರುತ್ತವೆ. ಹಣೆಯ ನಡುಭಾಗ ನುಣುಪಾಗಿಯೇ ಉಳಿದಿರುತ್ತದೆ. ವಯಸ್ಸು ಹದಿಹರೆಯ ದಾಟಿ ಎಷ್ಟೋ ಕಾಲವಾಗಿರುತ್ತದೆ. ಕರಿದ ತಿಂಡಿ ಬಿಟ್ಟಾಗಿದೆ, ಹಾಲು ಬಿಟ್ಟಾಗಿದೆ, ಮುಖ ತೊಳೆಯುವ ಸೋಪು ಬದಲಿಸಿಯಾಗಿದೆ. ಗುಳ್ಳೆ ಮಾತ್ರ ಕದಲುವುದಿಲ್ಲ.

ಕದಲದಿರಲು ಕಾರಣವಿದೆ. ಈ ಮೊಡವೆಯ ಮೂಲ ಮುಖದಲ್ಲಿಲ್ಲ, ತಲೆಗೂದಲಿನಲ್ಲಿದೆ. ಕೂದಲಿಗೆ ಹಚ್ಚಿದ ಎಣ್ಣೆ, ಪೊಮೇಡ್, ಹೇರ್ ವ್ಯಾಕ್ಸ್, ಕಂಡಿಷನರ್ ಇವೆಲ್ಲ ಬೆವರಿನೊಡನೆ ಕೆಳಗಿಳಿದು ಹಣೆಯಂಚಿನ ಚರ್ಮದ ಮೇಲೆ ದಿನವಿಡೀ ಕೂರುತ್ತವೆ. ಮೂಲವನ್ನು ಸರಿಸದೆ ಮುಖಕ್ಕೆ ಎಷ್ಟು ಔಷಧ ಬಳಿದರೂ ಫಲ ಅಷ್ಟಕ್ಕಷ್ಟೆ. ಇನ್ನೊಂದು ತೊಡಕೂ ಇದೆ: ಕೂದಲಂಚಿನಲ್ಲಿ ಮೊಡವೆಯಂತೆಯೇ ಕಾಣುವ, ಆದರೆ ಮೊಡವೆಯಲ್ಲದ ಒಂದು ಶಿಲೀಂಧ್ರದ ತೊಂದರೆ ಉಂಟು. ಒಂದರ ಔಷಧ ಇನ್ನೊಂದನ್ನು ಕೆಣಕಬಲ್ಲದು. ಈ ಎರಡು ಸಂಗತಿ ತಿಳಿದರೆ ಹೆಚ್ಚಿನವರ ಹಣೆ ಮೂರು ತಿಂಗಳೊಳಗೆ ತಿಳಿಯಾಗುತ್ತದೆ.

1970ರಲ್ಲಿ ಗುರುತಿಸಿದ್ದು

ಈ ತೊಂದರೆಗೆ ವೈದ್ಯಕೀಯದಲ್ಲಿ ‘ಪೊಮೇಡ್ ಮೊಡವೆ’ ಎಂಬ ಹೆಸರು ನೆಲೆಗೊಂಡದ್ದು 1970ರಲ್ಲಿ. ಕೂದಲನ್ನು ನಯವಾಗಿ ಕೂರಿಸಲು ವರ್ಷಗಟ್ಟಲೆ ದಪ್ಪ ಪೊಮೇಡ್ ಹಚ್ಚುತ್ತಿದ್ದ ಆಫ್ರಿಕನ್ ಮೂಲದ ಗಂಡಸರಲ್ಲಿ ಅಮೆರಿಕದ ಚರ್ಮವೈದ್ಯರು ಇದನ್ನು ಗಮನಿಸಿ ವಿವರವಾಗಿ ಬರೆದರು. ಅವರು ಕಂಡದ್ದು ಕೀವು ತುಂಬಿದ ದೊಡ್ಡ ಮೊಡವೆಗಳನ್ನಲ್ಲ. ಹಣೆ ಮತ್ತು ಕಣತಲೆಯಲ್ಲಿ ಒತ್ತೊತ್ತಾಗಿ ಎದ್ದ, ಬಹುತೇಕ ಒಂದೇ ಗಾತ್ರದ, ಚರ್ಮದ ಬಣ್ಣದ್ದೇ ಆದ ಸಣ್ಣ ಗಂಟುಗಳನ್ನು. ಮುಚ್ಚಿದ ಬಾಯಿಯ ಈ ಗಂಟುಗಳನ್ನು ಕಾಮೆಡೋನ್ ಎನ್ನುತ್ತಾರೆ. ಜನರ ಬಾಯಲ್ಲಿ ವೈಟ್‌ಹೆಡ್. ಎರಡು ವರ್ಷಗಳ ನಂತರ, 1972ರಲ್ಲಿ, ಮುಖಕ್ಕೆ ಹಚ್ಚುವ ಕ್ರೀಮುಗಳಿಂದಲೂ ಇದೇ ಬಗೆಯ ಮೊಡವೆ ಏಳುತ್ತದೆ ಎಂಬ ವರದಿ ಬಂತು.

ಅಮೆರಿಕದಲ್ಲಿ ಪೊಮೇಡ್ ಮಾಡಿದ ಕೆಲಸವನ್ನು ನಮ್ಮಲ್ಲಿ ತಲೆಯೆಣ್ಣೆ ಬಹುಕಾಲದಿಂದ ಮಾಡುತ್ತ ಬಂದಿದೆ. ರಾತ್ರಿ ನೆತ್ತಿಗೆ ಕೊಬ್ಬರಿ ಎಣ್ಣೆ ತಟ್ಟಿ, ಅಂಗೈಯಲ್ಲಿ ಉಳಿದದ್ದನ್ನು ಹಣೆಗೆ, ಕಿವಿಗೆ ಒರೆಸಿಕೊಂಡು ಮಲಗುವ ರೂಢಿ ಈಗಲೂ ಸಾವಿರಾರು ಮನೆಗಳಲ್ಲಿದೆ. ಕೂದಲು ದಟ್ಟವಾಗಲೆಂದು ಕೆಲವರು ಹರಳೆಣ್ಣೆ ಬೆರೆಸುತ್ತಾರೆ; ಅದು ಇನ್ನೂ ಮಂದ, ಒಂದು ಸಲದ ಶಾಂಪೂಗೆ ಬಿಡುವುದಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸಲೂನುಗಳ ಮೂಲಕ ಹೇರ್ ವ್ಯಾಕ್ಸ್, ಪೊಮೇಡ್, ಸೀರಮ್, ಲೀವ್-ಇನ್ ಕಂಡಿಷನರ್‌ಗಳೂ ಮನೆಯ ಕನ್ನಡಿಯ ಮುಂದೆ ಬಂದು ಕುಳಿತಿವೆ. ಹಳೆಯ ರೂಢಿ ಬಿಟ್ಟು ಹೊಸದನ್ನು ಹಿಡಿದವರು ಕಡಿಮೆ. ಹಳೆಯದರ ಮೇಲೆ ಹೊಸದನ್ನು ಹೇರಿಕೊಂಡವರೇ ಹೆಚ್ಚು.

ರೋಮಕೂಪದ ಒಳಗೆ

ಹಣೆಯ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಪ್ರತಿ ರೋಮದ ಬುಡದಲ್ಲಿ ದೊಡ್ಡ ತೈಲಗ್ರಂಥಿ ಇದ್ದು, ಅದರ ಜಿಡ್ಡು ರೋಮಕೂಪದ ಕಿರಿದಾದ ಬಾಯಿಯಿಂದ ಹೊರಬರುತ್ತದೆ. ಕೂಪದ ಒಳಗೋಡೆಯಿಂದ ಸತ್ತ ಜೀವಕೋಶಗಳು ನಿತ್ಯ ಉದುರುತ್ತಿರುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಅವು ಬಿಡಿಬಿಡಿಯಾಗಿ ಜಿಡ್ಡಿನ ಜತೆ ಮೇಲೆ ಬಂದು ತೊಳೆದುಹೋಗುತ್ತವೆ. ಹೊರಗಿನ ಎಣ್ಣೆ, ಮೇಣ ಕೂಪದ ಬಾಯಿಗೆ ಇಳಿದಾಗ ಎರಡು ಬದಲಾವಣೆ ಆಗುತ್ತವೆ. ಕೆಲವು ಕೊಬ್ಬಿನ ಆಮ್ಲಗಳು ಮತ್ತು ಅವುಗಳಿಂದ ಮಾಡಿದ ಪದಾರ್ಥಗಳು ಒಳಗೋಡೆಯನ್ನು ಕೆರಳಿಸಿ ಜೀವಕೋಶಗಳು ಬೇಗ ಬೇಗ ಹುಟ್ಟುವಂತೆ, ಒಂದಕ್ಕೊಂದು ಅಂಟಿಕೊಳ್ಳುವಂತೆ ಮಾಡುತ್ತವೆ. ಅಂಟಿದ ಕೋಶಗಳು ಜಿಡ್ಡಿನೊಡನೆ ಸೇರಿ ಬಿರಡೆಯಾಗುತ್ತವೆ.

ಈ ಬಿರಡೆ ಒಂದು ದಿನದಲ್ಲಿ ಕಟ್ಟುವುದಿಲ್ಲ, ವಾರಗಟ್ಟಲೆ ಹಿಡಿಯುತ್ತದೆ. ಆರಂಭದಲ್ಲಿ ಅದು ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವಷ್ಟು ಸಣ್ಣದು. ಬೆರಳಿಗೆ ತಗಲುವ ಗಂಟಾಗುವ ಹೊತ್ತಿಗೆ ಒಂದೆರಡು ತಿಂಗಳು ಕಳೆದಿರುತ್ತವೆ. ಈ ತೊಂದರೆಯ ಬಹುಪಾಲು ಗೊಂದಲ ಹುಟ್ಟುವುದು ಇಲ್ಲಿಯೇ. ಯುಗಾದಿಗೆ ಹೊಸ ಪೊಮೇಡ್ ಡಬ್ಬಿ ತೆರೆದವನ ಹಣೆಯಲ್ಲಿ ಗುಳ್ಳೆ ಏಳುವುದು ಮಾವಿನ ಹಣ್ಣಿನ ಕಾಲಕ್ಕೆ. ತಪ್ಪು ಮಾವಿನ ಮೇಲೆ ಬೀಳುತ್ತದೆ, ಡಬ್ಬಿ ಪಾರಾಗುತ್ತದೆ. ಅದೇ ರೀತಿ, ಪೊಮೇಡ್ ಬಿಟ್ಟು ಹತ್ತು ದಿನವಾದರೂ ಗುಳ್ಳೆ ಹೋಗದಿದ್ದಾಗ ‘ಇದು ಕಾರಣವಲ್ಲ’ ಎಂದು ತೀರ್ಮಾನಿಸಿ ಮತ್ತೆ ಹಚ್ಚತೊಡಗುತ್ತಾರೆ. ಒಳಗೆ ಆಗಲೇ ಕಟ್ಟಿದ್ದ ಬಿರಡೆಗಳು ಹೊರಬರಲು ಹತ್ತು ದಿನ ಸಾಲದು ಎಂಬುದಷ್ಟೇ ಅಲ್ಲಿನ ನಿಜ.

ಯಾವ ಪದಾರ್ಥ ರಂಧ್ರ ಮುಚ್ಚುತ್ತದೆ ಎಂಬ ಪಟ್ಟಿಗಳು ಹೇರಳವಾಗಿ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಆಧಾರ ಮೊಲದ ಕಿವಿಯ ಒಳಭಾಗಕ್ಕೆ ಪದಾರ್ಥ ಹಚ್ಚಿ ನೋಡಿದ ಹಳೆಯ ಪರೀಕ್ಷೆಗಳು. ಆ ಚರ್ಮ ಮನುಷ್ಯರ ಹಣೆಗಿಂತ ಬೇಗ ಕೆರಳುವಂಥದು. ಅಲ್ಲಿ ಕಂಡದ್ದೆಲ್ಲ ಇಲ್ಲಿ ಆಗಬೇಕೆಂದಿಲ್ಲ. ಪೊಮೇಡ್ ಡಬ್ಬಿಗಳಲ್ಲಿ ಇರುವ ಪೆಟ್ರೋಲಿಯಂ ಜೆಲ್ಲಿಯನ್ನು ಬಹಳ ಕಾಲ ಮುಖ್ಯ ಅಪರಾಧಿ ಎಂದು ನಂಬಲಾಗಿತ್ತು. 1996ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಶುದ್ಧ ಜೆಲ್ಲಿ ಮೊಲದಲ್ಲಾಗಲಿ ಮನುಷ್ಯರಲ್ಲಾಗಲಿ ಕಾಮೆಡೋನ್ ಎಬ್ಬಿಸಲಿಲ್ಲ. ಹಾಗಾಗಿ ಹಿಂದಿನ ಲೇಬಲ್ಲಿನ ಒಂದು ಹೆಸರು ಹಿಡಿದು ತೀರ್ಪು ಕೊಡುವುದು ಸರಿಯಲ್ಲ. ‘ನಾನ್-ಕಾಮೆಡೋಜೆನಿಕ್’ ಎಂಬ ಮುದ್ರೆಗೂ ಎಲ್ಲ ತಯಾರಕರು ಪಾಲಿಸಲೇಬೇಕಾದ ಒಂದೇ ಪರೀಕ್ಷೆಯಿಲ್ಲ. ಎಷ್ಟು ಹಚ್ಚಿದಿರಿ, ಎಲ್ಲಿಗೆ ಹಚ್ಚಿದಿರಿ, ಎಷ್ಟು ಹೊತ್ತು ಬಿಟ್ಟಿರಿ ಎಂಬ ಮೂರು ಪ್ರಶ್ನೆಗಳೇ ಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಬೆವರು ಮತ್ತು ಹೆಲ್ಮೆಟ್

ಬೆವರೊಂದೇ ಕಾಮೆಡೋನ್ ಕಟ್ಟುವುದಿಲ್ಲ. ಅದು ಸಾಗಣೆಯ ಕೆಲಸ ಮಾಡುತ್ತದೆ. ಬಿಸಿಲಿಗೆ ಮೇಣ ಮೆದುವಾಗುತ್ತದೆ, ಬೆವರು ಅದನ್ನು ನೆತ್ತಿಯಿಂದ ಹಣೆಗೆ ಇಳಿಸುತ್ತದೆ, ಕೈವಸ್ತ್ರದಿಂದ ಒರೆಸಿದಾಗ ಅದು ಚರ್ಮಕ್ಕೆ ತೀಡಿಕೊಳ್ಳುತ್ತದೆ. ತೇವದಲ್ಲಿ ನೆನೆದ ಚರ್ಮ ಉಬ್ಬಿ ರೋಮಕೂಪದ ಬಾಯಿ ಇನ್ನಷ್ಟು ಕಿರಿದಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಬೆವರು ಆರುವುದೇ ನಿಧಾನ. ಅಲ್ಲಿ ಈ ತೊಂದರೆ ಮಳೆಗಾಲಕ್ಕೆ ಮುಂಚಿನ ಸೆಕೆಯಲ್ಲಿ ಬಲಿಯುತ್ತದೆ.

ಹೆಲ್ಮೆಟ್ ಇದಕ್ಕೆ ಒತ್ತಡ ಮತ್ತು ತಿಕ್ಕಾಟವನ್ನು ಸೇರಿಸುತ್ತದೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಜೀವ ಉಳಿಸುವ ಆ ನಿಯಮದ ಬಗ್ಗೆ ಎರಡು ಮಾತಿಲ್ಲ. ಮೊಡವೆಯ ನೆಪದಲ್ಲಿ ಹೆಲ್ಮೆಟ್ ಬಿಡುವ ಯೋಚನೆ ಯಾರಿಗೂ ಬರಬಾರದು. ನೋಡಬೇಕಾದದ್ದು ಹೆಲ್ಮೆಟ್ಟಿನ ಒಳಗಿನ ಸ್ಪಂಜನ್ನು. ಹಣೆಗೆ ಒತ್ತುವ ಆ ಪಟ್ಟಿಯನ್ನು ಬಿಳಿ ಟಿಶ್ಯೂ ಕಾಗದದಿಂದ ಒತ್ತಿ ನೋಡಿ. ಕಾಗದದಲ್ಲಿ ಪಾರದರ್ಶಕ ಕಲೆ ಮೂಡಿದರೆ ಅಲ್ಲಿ ಹಳೆಯ ಎಣ್ಣೆ ಕೂತಿದೆ ಎಂದೇ ಅರ್ಥ. ತಲೆ ತೊಳೆದುಕೊಂಡು ಹೊರಟರೂ ಆ ಪಟ್ಟಿ ದಿನಾ ಅದನ್ನು ಹಣೆಗೆ ಮರಳಿಸುತ್ತಿರುತ್ತದೆ. ಬಹಳಷ್ಟು ಹೆಲ್ಮೆಟ್ಟುಗಳ ಒಳಪದರ ಬಿಚ್ಚಿ ಒಗೆಯಲು ಬರುತ್ತದೆ. ಬಿಚ್ಚಲು ಬಾರದಿದ್ದರೆ ತೆಳು ಹತ್ತಿಬಟ್ಟೆಯನ್ನು ತಲೆಗೆ ಕಟ್ಟಿ, ಆ ಬಟ್ಟೆಯನ್ನು ದಿನಾ ಬದಲಿಸಬಹುದು.

ಮೊಡವೆಯಂತೆ ಕಾಣುವ ಇನ್ನೊಂದು

ನಮ್ಮೆಲ್ಲರ ಚರ್ಮದ ಮೇಲೆ ಮಲಸೇಜಿಯ ಎಂಬ ಶಿಲೀಂಧ್ರ ವಾಸಿಸುತ್ತದೆ. ಜಿಡ್ಡಿನಲ್ಲಿರುವ ಕೊಬ್ಬಿನ ಆಮ್ಲಗಳೇ ಅದರ ಆಹಾರ. ತಲೆಹೊಟ್ಟಿನಲ್ಲಿ ಕೈಯಾಡಿಸುವುದೂ ಇದೇ. ಸೆಕೆ, ಬೆವರು, ಎಣ್ಣೆ ಮೂರೂ ಕೂಡಿದಾಗ ಇದು ರೋಮಕೂಪಗಳಲ್ಲಿ ಹೆಚ್ಚಿ ಉರಿಯೂತ ಎಬ್ಬಿಸುತ್ತದೆ. ಆಗ ಕೂದಲಂಚಿನಲ್ಲಿ ಏಳುವ ಗುಳ್ಳೆಗಳನ್ನು ದೂರದಿಂದ ನೋಡಿದವರು ಮೊಡವೆ ಎಂದೇ ಹೇಳುತ್ತಾರೆ. ಮೊಡವೆಗೆಂದು ವಾರಗಟ್ಟಲೆ ಆಂಟಿಬಯಾಟಿಕ್ ನುಂಗಿದರೆ ಇದು ಕಡಿಮೆಯಾಗುವುದಿಲ್ಲ, ಎಷ್ಟೋ ಸಲ ಹೆಚ್ಚುತ್ತದೆ. ಪೈಪೋಟಿ ಕೊಡುತ್ತಿದ್ದ ಬ್ಯಾಕ್ಟೀರಿಯಾ ಸತ್ತು ಶಿಲೀಂಧ್ರಕ್ಕೆ ಜಾಗ ಸಿಕ್ಕಿರುತ್ತದೆ.

ಎರಡನ್ನೂ ಬೇರ್ಪಡಿಸಿ ನೋಡುವ ಬಗೆ ಕಷ್ಟದ್ದಲ್ಲ. ಮೊದಲನೆಯದು ತುರಿಕೆ. ಶಿಲೀಂಧ್ರದ ಗುಳ್ಳೆ ತುರಿಸುತ್ತದೆ, ಬೆವರಿದಾಗ ಇನ್ನೂ ಹೆಚ್ಚು. ಪೊಮೇಡಿನ ಗಂಟು ಸಾಮಾನ್ಯವಾಗಿ ತುರಿಸುವುದಿಲ್ಲ, ಕೈಗೆ ಒರಟಾಗಿ ತಗಲುತ್ತದೆ ಅಷ್ಟೆ. ಎರಡನೆಯದು ರೂಪ. ಹಗಲು ಬೆಳಕಿನಲ್ಲಿ ಕಿಟಕಿಯ ಪಕ್ಕ ನಿಂತು ಹಣೆಯ ಚರ್ಮವನ್ನು ಎರಡು ಬೆರಳಿನಿಂದ ಎಳೆದು ಹಿಡಿಯಿರಿ. ಪೊಮೇಡ್ ಮೊಡವೆಯಾದರೆ ಚರ್ಮದಡಿ ಬಿಳಚಿಕೊಂಡ ಚುಕ್ಕೆಗಳು ಎದ್ದು ಕಾಣುತ್ತವೆ, ನಡುನಡುವೆ ಒಂದೆರಡು ಬ್ಲ್ಯಾಕ್‌ಹೆಡ್ ಇರುತ್ತವೆ. ಶಿಲೀಂಧ್ರದ್ದಾದರೆ ಅಂಥ ಚುಕ್ಕೆಗಳಿರುವುದಿಲ್ಲ. ಎಲ್ಲವೂ ಒಂದೇ ಅಳತೆಯ ಕೆಂಪು ಗುಳ್ಳೆಗಳು, ಕೆಲವುಗಳ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕೀವು. ಮೂರನೆಯದು ನೆಲೆ. ಎದೆ, ಬೆನ್ನಿನ ಮೇಲ್ಭಾಗ, ತೋಳುಗಳಲ್ಲೂ ಇಂಥವೇ ಗುಳ್ಳೆ ಇದ್ದರೆ ಶಿಲೀಂಧ್ರದ ಸಂಶಯ ಬಲವಾಗುತ್ತದೆ. ಕಣ್ಣಿನ ಅಂದಾಜು ಸಾಲದಿದ್ದಾಗ ವೈದ್ಯರು ಒಂದು ಗುಳ್ಳೆಯ ಒಳಗಿನದ್ದನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ವಿಶೇಷವಾಗಿ ತಲೆಹೊಟ್ಟಿನ ತೊಂದರೆ ಉಳ್ಳವರಲ್ಲಿ.

ಶಿಲೀಂಧ್ರದ ಗುಳ್ಳೆಗೆ ಮೊದಲ ಹೆಜ್ಜೆಯಾಗಿ ಶೇಕಡಾ 2ರ ಕೀಟೋಕೊನಜೋಲ್ ಶಾಂಪೂ ಬಳಸುತ್ತಾರೆ. ವಾರಕ್ಕೆ ಎರಡು ಸಲ, ನೆತ್ತಿಗೂ ಕೂದಲಂಚಿಗೂ ನೊರೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದರೆ ಔಷಧಕ್ಕೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಈ ಶಾಂಪೂ ‘ಫಲ ಕೊಡಲಿಲ್ಲ’ ಎನ್ನುವವರಲ್ಲಿ ಹಲವರ ತಪ್ಪು ಇದೇ. ತುರಿಕೆ ಎರಡು ವಾರದೊಳಗೆ ತಗ್ಗತೊಡಗುತ್ತದೆ. ನಾಲ್ಕು ವಾರಕ್ಕೂ ತಗ್ಗದಿದ್ದರೆ ನುಂಗುವ ಔಷಧ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಆ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿ ತಂದು ನುಂಗುವುದು ಬೇಡ. ಅವು ಯಕೃತ್ತಿನ ಮೇಲೆ, ಬೇರೆ ಔಷಧಗಳ ಮೇಲೆ ಪರಿಣಾಮ ಬೀರುತ್ತವೆ.

ಎಣ್ಣೆಯ ಪರವಾಗಿ ಒಂದು ಮಾತು

ತಲೆಗೆ ಎಣ್ಣೆಯೇ ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ಆ ಮಾತು ಅರ್ಧ ಸತ್ಯ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ತೋರಿಸಿದೆ. ಖನಿಜ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳಿಗೆ ಆ ಗುಣ ಕಾಣಲಿಲ್ಲ. ಉದ್ದ ಕೂದಲಿನವರಿಗೆ, ಒಣ ಕೂದಲಿನವರಿಗೆ ಇದು ನಿಜವಾದ ಲಾಭ. ಎಣ್ಣೆ ಹಚ್ಚಿಸಿಕೊಳ್ಳುವುದರಲ್ಲಿ ಇರುವ ಆರಾಮ, ಹಬ್ಬದ ಅಭ್ಯಂಜನದ ನಂಟು, ಮಕ್ಕಳ ತಲೆ ತಟ್ಟುವ ಹಿರಿಯರ ಕೈ ಇವುಗಳನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಆದರೆ ಆ ಲಾಭವೆಲ್ಲ ಕೂದಲಿನ ಎಳೆಗೆ. ಹಣೆಯ ಚರ್ಮಕ್ಕೆ ಅದರಲ್ಲಿ ಪಾಲಿಲ್ಲ. ಎಳೆಯೊಳಗೆ ಇಳಿಯಬೇಕಾದಷ್ಟು ಎಣ್ಣೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಉಳಿದದ್ದು ದಿಂಬಿಗೂ ದಿಂಬಿನಿಂದ ಕೆನ್ನೆಗೂ ಹೋಗುತ್ತದೆ. ಅಭ್ಯಂಜನದ ಹಳೆಯ ಕ್ರಮವನ್ನು ನೋಡಿ: ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ನೆನೆಸಿ, ಸೀಗೆಪುಡಿಯಿಂದ ಜಿಡ್ಡು ಬಿಡುವವರೆಗೆ ತಿಕ್ಕಿ ತೊಳೆಯುವುದು. ತೊಳೆಯುವುದೂ ಆ ಕ್ರಮದ ಭಾಗವೇ ಆಗಿತ್ತು. ಈಗ ಉಳಿದಿರುವುದು ಹಚ್ಚುವ ಅರ್ಧ ಮಾತ್ರ. ಮೊಡವೆ ಇರುವ ಅವಧಿಯಲ್ಲಿ ಎಣ್ಣೆಯನ್ನು ಪೂರ್ತಿ ಬಿಡುವುದೇ ಲೇಸು. ಹಣೆ ತಿಳಿಯಾದ ಮೇಲೆ, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಕಿವಿಯ ಮಟ್ಟದಿಂದ ಕೆಳಗಿನ ಕೂದಲಿಗೆ ಹಚ್ಚಿ ಅಂದೇ ತೊಳೆಯುವವರಿಗೆ ಈ ಲೇಖಕರ ತಕರಾರಿಲ್ಲ. ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಾಕದಿರುವುದು ಒಳ್ಳೆಯದು. ಹೊಟ್ಟು ಒಣಗಿ ಉದುರುತ್ತಿದೆ ಎಂದುಕೊಂಡು ಹಾಕಿದ ಎಣ್ಣೆ ಶಿಲೀಂಧ್ರಕ್ಕೆ ಊಟವಾಗುತ್ತದೆ.

ಒಂದು ಮಾದರಿ, ವಾರದಿಂದ ವಾರಕ್ಕೆ

ಇಂಥ ತೊಂದರೆಯವರಲ್ಲಿ ಸಾಮಾನ್ಯವಾಗಿ ಕಾಣುವ ಲಕ್ಷಣಗಳನ್ನೆಲ್ಲ ಕೂಡಿಸಿ ಒಬ್ಬ ಕಲ್ಪಿತ ವ್ಯಕ್ತಿಯನ್ನು ಮುಂದಿಟ್ಟುಕೊಳ್ಳೋಣ. 24ರ ಯುವಕ, ಮಂಗಳೂರಿನಲ್ಲಿ ಸ್ಕೂಟರಿನ ಮೇಲೆ ಊರು ಸುತ್ತುವ ಮಾರಾಟದ ಕೆಲಸ. ಬೆಳಿಗ್ಗೆ ಕೂದಲನ್ನು ಹಿಂದಕ್ಕೆ ಬಾಚಿ ಎಣ್ಣೆ ಆಧಾರಿತ ಪೊಮೇಡ್ ಹಚ್ಚುತ್ತಾನೆ. ವಾರಕ್ಕೆರಡು ರಾತ್ರಿ ಕೊಬ್ಬರಿ ಎಣ್ಣೆ. ಸ್ನಾನದಲ್ಲಿ ಶಾಂಪೂ ಒಮ್ಮೆ, ಮೇಲೆ ಕಂಡಿಷನರ್. ಹಣೆಯ ಮೇಲ್ಭಾಗ ಮತ್ತು ಕಣತಲೆಗಳಲ್ಲಿ ಚರ್ಮದ ಬಣ್ಣದ ಸಣ್ಣ ಗಂಟುಗಳು, ನಡುವೆ ನಾಲ್ಕಾರು ಕೆಂಪಗಾದವು. ತುರಿಕೆಯಿಲ್ಲ, ಎದೆ ಬೆನ್ನು ತಿಳಿಯಾಗಿವೆ. ಚರ್ಮ ಎಳೆದರೆ ಬಿಳಿ ಚುಕ್ಕೆ ಕಾಣುತ್ತದೆ. ಇದು ಪೊಮೇಡ್ ಮೊಡವೆ.

ಮೊದಲ ದಿನ ಔಷಧಕ್ಕಿಂತ ಮುಂಚೆ ಶುಚಿ ಮಾಡುವ ಕೆಲಸ. ಪೊಮೇಡ್ ಮತ್ತು ಎಣ್ಣೆ ನಿಲ್ಲುತ್ತವೆ. ಬಾಚಣಿಗೆಯನ್ನು ಬಿಸಿನೀರು, ಪಾತ್ರೆ ತೊಳೆಯುವ ದ್ರವದಲ್ಲಿ ನೆನೆಸಿ ಉಜ್ಜಬೇಕು. ದಿಂಬಿನ ಹೊದಿಕೆ, ಟೋಪಿ, ಹೆಲ್ಮೆಟ್ಟಿನ ಒಳಪದರ ಒಗೆಯಬೇಕು. ಮೇಣ ನೀರಿಗೆ ಕರಗದ ಕಾರಣ ಮೊದಲ ಕೆಲವು ಸ್ನಾನಗಳಲ್ಲಿ ಶಾಂಪೂ ಎರಡು ಸಲ ಬೇಕು. ಹೆಚ್ಚಿನವರು ಶಾಂಪೂವನ್ನು ನಡುನೆತ್ತಿಗೆ ಸುರಿದು ಅಲ್ಲೇ ಉಜ್ಜುತ್ತಾರೆ. ಕೂದಲಂಚಿಗೆ ಇಳಿದುಬಂದ ನೊರೆಯಷ್ಟೇ ತಗಲುತ್ತದೆ. ಈತ ಬೆರಳತುದಿಯಿಂದ ಹಣೆಯಂಚು, ಕಣತಲೆ, ಕಿವಿಯ ಹಿಂಭಾಗ, ಹೆಕ್ಕತ್ತು ಹೀಗೆ ಅಂಚನ್ನು ಸುತ್ತಿ ಒಂದು ನಿಮಿಷ ಮೆತ್ತಗೆ ಉಜ್ಜಬೇಕು. ಉಗುರು ತಾಗಿಸುವಂತಿಲ್ಲ. ಕೊಳವೆಬಾವಿಯ ಗಡಸು ನೀರಿನ ಊರುಗಳಲ್ಲಿ ಮೈಸೋಪಿನಿಂದ ತಲೆ ತೊಳೆಯುವುದನ್ನು ಬಿಡುವುದು ಮೇಲು. ಸೋಪು ಆ ನೀರಿನ ಸುಣ್ಣದಂಶದೊಡನೆ ಸೇರಿ ಅಂಟುಜಿಡ್ಡಾಗಿ ಉಳಿಯುತ್ತದೆ.

ಕಂಡಿಷನರ್‌ನ ವಿಷಯ ಬೇರೆ. ತೊಳೆದ ಮೇಲೂ ಕೂದಲಿಗೆ ಒಂದು ತೆಳುಪದರ ಅಂಟಿ ಉಳಿಯಲಿ ಎಂದೇ ಅದನ್ನು ತಯಾರಿಸಿರುತ್ತಾರೆ. ಅದೇ ಪದರ ಹಣೆ, ಕುತ್ತಿಗೆ, ಬೆನ್ನಿಗೂ ಅಂಟುತ್ತದೆ. ಗಿಡ್ಡ ಕೂದಲಿನ ಈ ಯುವಕನಿಗೆ ಅದರ ಅಗತ್ಯವೇ ಇಲ್ಲ. ಉದ್ದ ಕೂದಲಿನವರು ಕೂದಲಿನ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಿ, ತಲೆಯನ್ನು ಹಿಂದಕ್ಕೆ ಬಾಗಿಸಿ ನೀರು ಹಿಂಬದಿಗೆ ಹರಿಯುವಂತೆ ತೊಳೆದು, ಕೂದಲನ್ನು ಮೇಲಕ್ಕೆ ಕ್ಲಿಪ್ ಹಾಕಿಕೊಂಡು, ಮುಖ, ಕುತ್ತಿಗೆ, ಬೆನ್ನನ್ನು ಕೊನೆಯಲ್ಲಿ ತೊಳೆಯಬೇಕು. ಸ್ನಾನದ ಈ ಅನುಕ್ರಮ ಒಂದನ್ನೇ ಬದಲಿಸಿ ಬೆನ್ನಿನ ಮೊಡವೆ ತಗ್ಗಿಸಿಕೊಂಡವರಿದ್ದಾರೆ.

ಔಷಧ ರಾತ್ರಿಯದು: ವೈದ್ಯರು ಬರೆದುಕೊಟ್ಟ ಶೇಕಡಾ 0.1ರ ಅಡಾಪಲೀನ್ ಜೆಲ್. ರೋಮಕೂಪದ ಒಳಗೋಡೆಯ ಕೋಶಗಳು ಅಂಟಿಕೊಳ್ಳದಂತೆ ಮಾಡುವುದು ಇದರ ಕೆಲಸ. ಮುಖ ತೊಳೆದು, ಚರ್ಮ ಪೂರ್ತಿ ಒಣಗಿದ ಮೇಲೆ, ಬಟಾಣಿ ಕಾಳಿನಷ್ಟನ್ನು ಇಡೀ ಹಣೆಗೆ ತೆಳುವಾಗಿ ಹರಡಬೇಕು. ಗುಳ್ಳೆಯ ತಲೆಗೆ ಚುಕ್ಕೆಯಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಮುಂದಿನ ತಿಂಗಳ ಗುಳ್ಳೆಗಳು ಈಗ ನುಣುಪಾಗಿ ಕಾಣುವ ಚರ್ಮದಲ್ಲಿ ಕಟ್ಟುತ್ತಿವೆ. ಮೊದಲೆರಡು ವಾರ ರಾತ್ರಿ ಬಿಟ್ಟು ರಾತ್ರಿ, ಆಮೇಲೆ ಚರ್ಮ ತಡೆದುಕೊಂಡರೆ ದಿನಾ. ಗರ್ಭಿಣಿಯರು, ಗರ್ಭ ನಿರೀಕ್ಷೆಯಲ್ಲಿರುವವರು ಇದನ್ನು ಬಳಸಬಾರದು. ಕೆಂಪು ಗುಳ್ಳೆಗಳಿಗೆ ಬೆಳಿಗ್ಗೆ ಶೇಕಡಾ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಸಾಕು. ಶಕ್ತಿ ಹೆಚ್ಚಿದಂತೆ ಉರಿ ಹೆಚ್ಚುತ್ತದೆ, ಫಲ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅದು ಬಟ್ಟೆಯ ಬಣ್ಣ ತೆಗೆಯುತ್ತದೆ. ಟವೆಲು, ದಿಂಬು ಬಿಳಿಯದಾಗಿರಲಿ, ಕೂದಲಿಗೆ ತಾಗದಿರಲಿ.

ಎರಡನೆಯ ವಾರದಿಂದ ನಾಲ್ಕನೆಯ ವಾರದವರೆಗೆ ಚರ್ಮ ಒಣಗಿ ಸಿಪ್ಪೆ ಏಳಬಹುದು, ಗುಳ್ಳೆ ಹೆಚ್ಚಿದಂತೆಯೂ ಕಾಣಬಹುದು. ಒಳಗಿದ್ದ ಬಿರಡೆಗಳು ಮೇಲೆ ಬರುವ ಹೊತ್ತು ಅದು. ಹೆಚ್ಚಿನವರು ಕೈಬಿಡುವುದೂ ಆಗಲೇ. ಎಣ್ಣೆಯಂಶ ಕಡಿಮೆಯಿರುವ ಮಾಯಿಶ್ಚರೈಸರ್ ಹಚ್ಚಿ, ಔಷಧವನ್ನು ಒಂದೆರಡು ರಾತ್ರಿ ಬಿಟ್ಟು ಮತ್ತೆ ಶುರುಮಾಡಬಹುದು. ಆರರಿಂದ ಎಂಟನೆಯ ವಾರದಲ್ಲಿ ಹೊಸ ಗಂಟು ಏಳುವುದು ನಿಲ್ಲುತ್ತದೆ. ಇದನ್ನು ತಿಳಿಯುವ ಸರಳ ಬಗೆಯೆಂದರೆ ಒಂದೇ ಕಿಟಕಿಯ ಬೆಳಕಿನಲ್ಲಿ ವಾರಕ್ಕೊಂದು ಫೋಟೊ ತೆಗೆದಿಡುವುದು. ದಿನಾ ಕನ್ನಡಿ ನೋಡುವವರಿಗೆ ನಿಧಾನದ ಬದಲಾವಣೆ ಕಾಣಿಸುವುದಿಲ್ಲ. ಹನ್ನೆರಡನೆಯ ವಾರಕ್ಕೆ ಹಣೆ ಬಹುಪಾಲು ತಿಳಿಯಾಗಬೇಕು. ಕೆಂಪು ಗುಳ್ಳೆಗಳು ಬಿಟ್ಟುಹೋದ ಕಪ್ಪು ಕಲೆಗಳು ಮಾತ್ರ ಇನ್ನೂ ಕೆಲವು ತಿಂಗಳು ನಿಲ್ಲುತ್ತವೆ. ಹಿಸುಕಿದ ಗುಳ್ಳೆಯ ಕಲೆ ಎಲ್ಲಕ್ಕಿಂತ ತಡವಾಗಿ ಹೋಗುತ್ತದೆ.

ಎಂಟು ವಾರವಾದರೂ ಫೋಟೊಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಔಷಧದ ಶಕ್ತಿ ಏರಿಸುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಮೂಲ ಇನ್ನೂ ಎಲ್ಲಾದರೂ ಉಳಿದಿದೆಯೇ? ಗಡ್ಡದ ಎಣ್ಣೆ, ದಪ್ಪ ಸನ್‌ಸ್ಕ್ರೀನ್, ಮನೆಯವರೆಲ್ಲ ಬಳಸುವ ಬಾಚಣಿಗೆ, ಸಲೂನಿನವರು ಕ್ಷೌರದ ಕೊನೆಗೆ ಕೇಳದೆಯೇ ಸವರುವ ಕ್ರೀಮು ಇವು ಸಾಮಾನ್ಯ ಅಡಗುತಾಣಗಳು. ಅಥವಾ ರೋಗನಿರ್ಣಯವೇ ತಪ್ಪಾಗಿ, ಇದು ಶಿಲೀಂಧ್ರದ್ದೇ?

ಕೂದಲು ಕೂರಿಸಲೇಬೇಕು ಎನ್ನುವವರಿಗೆ ನೀರಿನಲ್ಲಿ ತೊಳೆದುಹೋಗುವ ಜೆಲ್ ಇದೆ. ಸ್ವಲ್ಪವೇ ತೆಗೆದು, ಹಿಂದಲೆಯಿಂದ ಹಚ್ಚುತ್ತ ಬಂದು, ಮುಂದಿನ ಅಂಚಿಗೆ ಒಂದು ಬೆರಳಗಲ ಬಿಟ್ಟು ನಿಲ್ಲಿಸಿ, ಮಲಗುವ ಮುನ್ನ ತೊಳೆಯಬೇಕು. ಬಿಟ್ಟ ವಸ್ತುಗಳನ್ನು ಮತ್ತೆ ತರುವುದಾದರೆ ಒಂದೊಂದಾಗಿ, ನಡುವೆ ಆರರಿಂದ ಎಂಟು ವಾರ ಅಂತರ ಕೊಟ್ಟು ತರಬೇಕು. ಎರಡನ್ನು ಒಟ್ಟಿಗೆ ತಂದರೆ ಗುಳ್ಳೆ ಎದ್ದಾಗ ಯಾವುದರಿಂದ ಎಂಬುದು ತಿಳಿಯುವುದಿಲ್ಲ.

ಅಂಗಡಿಯ ಮುಲಾಮು

ನಮ್ಮಲ್ಲಿ ಈ ಸರಳ ತೊಂದರೆ ಜಟಿಲವಾಗುವುದು ಹೆಚ್ಚಾಗಿ ಔಷಧದಂಗಡಿಯ ಕಟ್ಟೆಯಲ್ಲಿ. ‘ಮುಖದ ಗುಳ್ಳೆಗೆ ಏನಾದರೂ ಕೊಡಿ’ ಎಂದವರಿಗೆ ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಮುಲಾಮು ಕೊಡುವುದುಂಟು. ಸ್ಟೀರಾಯ್ಡ್ ಕೆಂಪನ್ನು ಮೂರ್ನಾಲ್ಕು ದಿನದಲ್ಲಿ ಇಳಿಸುತ್ತದೆ, ಹಚ್ಚಿದವರಿಗೆ ಭರವಸೆ ಹುಟ್ಟುತ್ತದೆ. ವಾರಗಳ ನಂತರ ಅದೇ ಸ್ಟೀರಾಯ್ಡ್ ಹೊಸ ಗುಳ್ಳೆಗಳನ್ನು ಎಬ್ಬಿಸುತ್ತದೆ, ಚರ್ಮವನ್ನು ತೆಳುವಾಗಿಸುತ್ತದೆ, ಬಿಟ್ಟರೆ ಉರಿ ಕೆಂಪು ಮರಳುತ್ತದೆ. ಹಚ್ಚುವ ಸ್ಟೀರಾಯ್ಡುಗಳನ್ನು 2018ರಲ್ಲಿ ಕೇಂದ್ರ ಸರ್ಕಾರ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚೀಟಿ ಕೇಳದ ಅಂಗಡಿಗಳು ಇನ್ನೂ ಇರುವುದರಿಂದ ಎಚ್ಚರ ಕೊಳ್ಳುವವರ ಪಾಲಿಗೂ ಬರುತ್ತದೆ: ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರು ಕಂಡರೆ ಮೊಡವೆಗೆ ಹಚ್ಚಬಾರದು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಅದನ್ನು ಬಿಡುವ ಕ್ರಮವನ್ನು ಚರ್ಮವೈದ್ಯರಿಂದ ಕೇಳಿ ತಿಳಿಯಬೇಕು. ನಿಂಬೆರಸ, ಟೂತ್‌ಪೇಸ್ಟ್, ಬೆಳ್ಳುಳ್ಳಿ ಹಚ್ಚಿ ಸುಟ್ಟುಕೊಂಡ ಹಣೆಗಳ ಕಲೆ ಮೊಡವೆಯ ಕಲೆಗಿಂತ ಹೆಚ್ಚು ದಿನ ಉಳಿಯುತ್ತದೆ.

ಮೊಡವೆಯಲ್ಲದ ಸೂಚನೆಗಳು

ಮೇಲೆ ಹೇಳಿದ್ದೆಲ್ಲ ಹಣೆಯಂಚಿನ ಸಣ್ಣ ಗಂಟುಗಳಿಗೆ ಅನ್ವಯಿಸುತ್ತದೆ. ಕೂದಲಿನ ಒಳಗೆ, ನೆತ್ತಿಯ ಮೇಲೆ ಏಳುವ ಕೀವುಗುಳ್ಳೆಗಳು ಬೇರೆ ಲೆಕ್ಕ. ತುರಿಸುವ, ಬೇಗ ಹೊಪ್ಪಳೆಗಟ್ಟುವ ಚಿಕ್ಕ ಗುಳ್ಳೆಗಳು ರೋಮಕೂಪದ ಸೋಂಕಿರಬಹುದು; ಅವಕ್ಕೆ ಔಷಧದ ಶಾಂಪೂ, ಕೆಲವೊಮ್ಮೆ ಆಂಟಿಬಯಾಟಿಕ್ ಬೇಕಾಗುತ್ತದೆ. ಗುಳ್ಳೆಯಿದ್ದ ಜಾಗದಲ್ಲಿ ಕೂದಲು ಉದುರಿ ಚರ್ಮ ನುಣ್ಣಗೆ ಹೊಳೆಯುತ್ತಿದ್ದರೆ ತಡಮಾಡುವಂತಿಲ್ಲ. ಅಲ್ಲಿ ರೋಮಕೂಪವೇ ನಾಶವಾಗುತ್ತಿರಬಹುದು, ಹೋದ ಕೂದಲು ಮರಳುವುದಿಲ್ಲ. ಹೆಕ್ಕತ್ತಿನಲ್ಲಿ ಕ್ಷೌರದ ನಂತರ ಎದ್ದು ಗಟ್ಟಿಯಾಗುತ್ತ ಬೆಳೆಯುವ ಗಂಟುಗಳು ಪೊಮೇಡ್ ಬಿಟ್ಟ ಮಾತ್ರಕ್ಕೆ ಹೋಗುವುದಿಲ್ಲ. ಅಂಥವರು ಹಿಂಬದಿಯ ಕೂದಲನ್ನು ಬ್ಲೇಡಿನಿಂದ ಬುಡಮಟ್ಟ ತೆಗೆಸುವುದನ್ನು ನಿಲ್ಲಿಸಿ ಬೇಗ ವೈದ್ಯರಿಗೆ ತೋರಿಸಬೇಕು. ಮಕ್ಕಳ ತಲೆಯಲ್ಲಿ ಕೂದಲು ತುಂಡಾದ ತೇಪೆ, ಮೆತ್ತಗಿನ ನೋವಿನ ಬಾವು ಕಂಡರೆ ಅದು ಹುಳುಕಡ್ಡಿಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ನುಂಗುವ ಔಷಧವೇ ಆಗಬೇಕು, ಮನೆಯ ಉಳಿದ ಮಕ್ಕಳ ತಲೆಯನ್ನೂ ಅಂದೇ ನೋಡಬೇಕು.